ಟವರ್‌ಗೆ ಬೈಯೋದು ಬಿಡಿ, ರೊಕ್ಕ ಎಲ್ಲಿ ನಿಂತಿದೆ ಅಂತ ಕೇಳಿ

ನಮ್ಮ ಧಾರವಾಡ ಜಿಲ್ಲೆಯ ಯಾವ ಊರಿನ ಕಿರಾಣಿ ಅಂಗಡಿಗೆ ಹೋದರೂ ಮೂರು ಮಾತು ಕಿವಿಗೆ ಬೀಳುತ್ತವೆ. ನವಲಗುಂದ ಇರಲಿ, ಕುಂದಗೋಳ ಇರಲಿ, ಅಣ್ಣಿಗೇರಿ, ಕಲಘಟಗಿ ಇರಲಿ, ಮಾತು ಅವೇ. ಕೊಳ್ಳಲು ಬಂದವರು "ನನ್ನ ಮೊಬೈಲ್‌ನ್ಯಾಗ ಕಟ್ ಆಗೇತ್ರೀ" ಅಂತಾರೆ. ಅಂಗಡಿಯವರು "ನಮಗ ಬಂದಿಲ್ಲಲ್ರೀ ಅಣ್ಣಾ" ಅಂತಾರೆ. ಪಕ್ಕದಲ್ಲಿ ನಿಂತವರೊಬ್ಬರು "ನೆಟ್‌ವರ್ಕ್ ಇಲ್ಲ ಬಿಡ್ರೀ, ಹಳ್ಳ್ಯಾಗ ಇದ ಹಣೇಬರಹ" ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ಮೊದಲ ಎರಡು ಮಾತು ಎಷ್ಟೋ ಸಲ ಏಕಕಾಲಕ್ಕೆ ನಿಜ. ಆದರೆ ಮೂರನೆಯದು ತಪ್ಪು. ಗ್ರಾಹಕರ ಖಾತೆಯಿಂದ ಕಟ್ ಆಗಿ ಅಂಗಡಿಯ ಖಾತೆಗೆ ಜಮಾ ಆಗದೇ ಇದ್ದರೆ, ಅದಕ್ಕೆ ಕಲಘಟಗಿಯ ಟವರ್ ಕಾರಣ ಆಗಿರೋದಕ್ಕೆ ಸಾಧ್ಯವೇ ಇಲ್ಲ. ಆ ತೊಡಕು ಹುಟ್ಟುವುದು ನಮ್ಮ ಜಿಲ್ಲೆಯ ಆಚೆ, ಸರ್ವರ್‌ಗಳ ನಡುವೆ. ಎಲ್ಲಿ ನಿಂತಿತು ಅನ್ನೋದು ಆ ಸರ್ವರ್‌ಗಳಿಗೆ ಸರಿಯಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ನಮ್ಮ ಪರದೆಯ ಮೇಲೆ "ಪೆಂಡಿಂಗ್" ಅಂತ ಒಂದೇ ಪದ ಬರೆದು ಸುಮ್ಮನಾಗುತ್ತವೆ. ಇದು ಸರಿಯಲ್ಲ ಅನ್ನುವುದೇ ಈ ಬರಹದ ವಾದ. ಅದಕ್ಕೆ ಮೊದಲು ಆ ರೊಕ್ಕ ಹೇಗೆ ಹೋಗುತ್ತದೆ ಅಂತ ಹಂತಹಂತವಾಗಿ ನೋಡಬೇಕು.

ಸ್ಟಿಕ್ಕರ್‌ನಲ್ಲಿ ಏನಿದೆ?

ಒಂದು ಉದಾಹರಣೆ ತಗೊಳ್ಳೋಣ. ನವಲಗುಂದದ ರೈತರೊಬ್ಬರು ಅಣ್ಣಿಗೇರಿಗೆ ಬಂದಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಎಣ್ಣೆ, ಬೆಲ್ಲ, ಚಾಪುಡಿ ಎಲ್ಲ ಸೇರಿ ₹640 ಆಯಿತು. ಅವರ ಖಾತೆ ಇರುವುದು ಗ್ರಾಮೀಣ ಬ್ಯಾಂಕಿನಲ್ಲಿ. ನಾವು ಧಾರವಾಡದವರು ಕೆವಿಜಿ ಬ್ಯಾಂಕ್ ಅಂತ ಕರೀತಿದ್ದೆವಲ್ಲ, ಅದೇ. 2025ರ ಮೇ 1ರಿಂದ ಅದು ರಾಜ್ಯದ ಇನ್ನೊಂದು ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಒಂದೇ ಬ್ಯಾಂಕ್ ಆಗಿದೆ, ಪ್ರಧಾನ ಕಚೇರಿ ಈಗ ಬಳ್ಳಾರಿಯಲ್ಲಿದೆ. ಅಂಗಡಿಯವರ ಖಾತೆ ಬೇರೊಂದು ಬ್ಯಾಂಕಿನಲ್ಲಿದೆ. ಸಂಜೆ 6 ಗಂಟೆ 10 ನಿಮಿಷಕ್ಕೆ ರೈತರು ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರು.

ಆ ಕಪ್ಪು-ಬಿಳಿ ಚೌಕದಲ್ಲಿ ರೊಕ್ಕದ ಗುಟ್ಟೇನೂ ಇಲ್ಲ. ಅದು ಬರೀ ಒಂದು ಸಾಲು ಅಕ್ಷರ, ಹೆಚ್ಚುಕಡಿಮೆ ಹೀಗೆ:

```
upi://pay?pa=angadi@bank&pn=Kirani%20Angadi&mc=5411&cu=INR
```

ಇಲ್ಲಿ `pa` ಅಂದರೆ ರೊಕ್ಕ ತಲುಪಬೇಕಾದ ವಿಳಾಸ, ಅಂದರೆ ಯುಪಿಐ ಐಡಿ. `pn` ಅಂದರೆ ಹೆಸರು. `mc` ಅನ್ನುವುದು ಇದು ಎಂಥ ವ್ಯಾಪಾರ ಅಂತ ಹೇಳುವ ನಾಲ್ಕಂಕಿಯ ಸಂಖ್ಯೆ. ಕಿರಾಣಿ, ದಿನಸಿ ಅಂಗಡಿಗೆ 5411 ಇರುತ್ತದೆ. ಅಂಗಡಿಯವರು ತಮ್ಮ ಸ್ವಂತ ಆ್ಯಪ್‌ನ ಕ್ಯೂಆರ್ ಕೋಡನ್ನೇ ಮುದ್ರಿಸಿ ಅಂಟಿಸಿದ್ದರೆ ಅಲ್ಲಿ ವ್ಯಾಪಾರದ ಸಂಖ್ಯೆ ಇರುವುದಿಲ್ಲ, ಅಥವಾ 0000 ಇರುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಮನಿಸಿ, ಇಲ್ಲಿ ಖಾತೆಯ ನಂಬರ್ ಇಲ್ಲ, ಶಾಖೆಯ ಹೆಸರೂ ಇಲ್ಲ. `@` ಆದಮೇಲೆ ಬರುವ ಪದ ಖಾತೆ ಯಾವ ಬ್ಯಾಂಕಿನಲ್ಲಿದೆ ಅಂತ ಹೇಳುವುದಿಲ್ಲ, ಈ ವಿಳಾಸದ ಬಗ್ಗೆ ಯಾರನ್ನು ಕೇಳಬೇಕು ಅಂತ ಹೇಳುತ್ತದೆ. `@ybl` ಇದ್ದರೆ ಯೆಸ್ ಬ್ಯಾಂಕನ್ನು ಕೇಳಬೇಕು, `@okaxis` ಇದ್ದರೆ ಆಕ್ಸಿಸ್ ಬ್ಯಾಂಕನ್ನು. ಫೋನ್‌ಪೇ, ಗೂಗಲ್ ಪೇ ಇವೆಲ್ಲ ತಾವೇ ಬ್ಯಾಂಕ್ ಅಲ್ಲ. ಪ್ರತಿಯೊಂದರ ಬೆನ್ನ ಹಿಂದೆ ಹೀಗೆ ಒಂದೋ ಹಲವೋ ಬ್ಯಾಂಕ್ ನಿಂತಿರುತ್ತವೆ. ಅವುಗಳ ಮೂಲಕವೇ ಆ್ಯಪ್‌ಗಳು ಎನ್‌ಪಿಸಿಐ ನಡೆಸುವ ಯುಪಿಐ ಸ್ವಿಚ್‌ಗೆ ಮಾತಾಡುವುದು.

ಸ್ಕ್ಯಾನ್ ಆದ ಕೂಡಲೇ ರೈತರ ಆ್ಯಪ್ ಒಂದು ಸಣ್ಣ ಪ್ರಶ್ನೆ ಕಳಿಸುತ್ತದೆ. "ಈ ವಿಳಾಸ ಖರೇನೇ ಐತೇನು, ಯಾರದು?" ಅಂತ. ಇದಕ್ಕೆ `ReqValAdd` ಅಂತ ಹೆಸರು. ಉತ್ತರದಲ್ಲಿ ಬರುವುದು ಖಾತೆದಾರರ ಹೆಸರು. 2025ರ ಜೂನ್ 30ರಿಂದ ಆ್ಯಪ್‌ಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು, ಸ್ಟಿಕ್ಕರ್‌ನಲ್ಲಿ ಬರೆದ ಹೆಸರನ್ನಲ್ಲ. ಹಾಗಾಗಿ ಯಾರಾದರೂ ಅಂಗಡಿಯ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಪರದೆಯ ಮೇಲೆ ಬಂದ ಹೆಸರನ್ನು ಒಮ್ಮೆ ಜೋರಾಗಿ ಓದಿದರೆ ಅಂಗಡಿಯವರೇ ಹೌದು-ಅಲ್ಲ ಅಂತಾರೆ.

ಆ ಎರಡು-ಮೂರು ಸೆಕೆಂಡುಗಳಲ್ಲಿ

ರೈತರು 640 ಅಂತ ಒತ್ತಿ, ಯುಪಿಐ ಪಿನ್ ಹಾಕಿದರು. ಪಿನ್ ಹಾಕುವ ಪುಟ ಆ್ಯಪ್‌ನದಲ್ಲ, ಅದು ಎನ್‌ಪಿಸಿಐ ಕೊಟ್ಟ ಪ್ರತ್ಯೇಕ ತುಣುಕು. ಒತ್ತಿದ ಅಂಕಿಗಳು ಅಲ್ಲೇ ಬೀಗ ಹಾಕಿಸಿಕೊಂಡು ಹೋಗುತ್ತವೆ, ಆ್ಯಪ್‌ಗೆ ಕಾಣಿಸುವುದಿಲ್ಲ. ಪಿನ್ ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ರೈತರ ಬ್ಯಾಂಕ್ ಮಾತ್ರ.

ಈಗ ನಡೆಯುವುದನ್ನು ಸಾಲಾಗಿ ನೋಡಿ. ಆ್ಯಪ್ ತನ್ನ ಹಿಂದಿರುವ ಬ್ಯಾಂಕಿಗೆ ಹೇಳುತ್ತದೆ, ಆ ಬ್ಯಾಂಕ್ ಎನ್‌ಪಿಸಿಐಗೆ `ReqPay` ಅನ್ನುವ ಸಂದೇಶ ಕಳಿಸುತ್ತದೆ. ಎನ್‌ಪಿಸಿಐ ಮೊದಲು ಅಂಗಡಿಯ ವಿಳಾಸಕ್ಕೆ ಹೊಣೆಯಾದ ಬ್ಯಾಂಕನ್ನು ಕೇಳುತ್ತದೆ: "ಈ ಐಡಿಯ ಹಿಂದೆ ಯಾವ ಖಾತೆ ಇದೆ?" ಇದು `ReqAuthDetails`. ಖಾತೆ ನಂಬರ್, ಐಎಫ್‌ಎಸ್‌ಸಿ ಎರಡೂ ಉತ್ತರವಾಗಿ ಬರುತ್ತವೆ. ಆಮೇಲೆ ಎನ್‌ಪಿಸಿಐ ರೈತರ ಬ್ಯಾಂಕಿಗೆ "₹640 ಕಟ್ ಮಾಡು" ಅನ್ನುತ್ತದೆ. ಆ ಬ್ಯಾಂಕ್ ಪಿನ್ ನೋಡಿ, ಬಾಕಿ ನೋಡಿ, ಕಟ್ ಮಾಡಿ "ಆಯ್ತು" ಅನ್ನುತ್ತದೆ. ಆ ಮೇಲಷ್ಟೇ ಎನ್‌ಪಿಸಿಐ ಅಂಗಡಿಯವರ ಬ್ಯಾಂಕಿಗೆ "₹640 ಜಮಾ ಮಾಡು" ಅನ್ನುತ್ತದೆ. ಅದೂ "ಆಯ್ತು" ಅಂದರೆ, ಎರಡೂ ಕಡೆಯ ಆ್ಯಪ್‌ಗಳಿಗೆ ಸುದ್ದಿ ಹೋಗುತ್ತದೆ. ರೈತರ ಪರದೆಯಲ್ಲಿ ಹಸಿರು ಗುರುತು ಬರುತ್ತದೆ.

ಇಷ್ಟೂ ಹೊತ್ತು ಶಾಖೆಗೆ ಇಲ್ಲಿ ಏನೂ ಕೆಲಸ ಇಲ್ಲ. ನವಲಗುಂದ ಶಾಖೆಗೆ ಬೀಗ ಹಾಕಿದ್ದರೂ, ಅಲ್ಲಿ ಕರೆಂಟ್ ಹೋಗಿದ್ದರೂ ವ್ಯತ್ಯಾಸ ಆಗುವುದಿಲ್ಲ. ಖಾತೆಯ ಲೆಕ್ಕ ಇರುವುದು ದೂರದ ಡೇಟಾ ಸೆಂಟರ್‌ನಲ್ಲಿ, ಕೋರ್ ಬ್ಯಾಂಕಿಂಗ್ ಸರ್ವರ್‌ನಲ್ಲಿ. ಒಂದು ಗಲ್ಲಾಪೆಟ್ಟಿಗೆಯ ಆಚೆ-ಈಚೆ ನಿಂತ ಇಬ್ಬರ ನಡುವಿನ ವ್ಯವಹಾರ ಜಿಲ್ಲೆ ದಾಟಿ, ನಾಲ್ಕು ಸಂಸ್ಥೆಗಳ ಸರ್ವರ್ ಸುತ್ತಿ ವಾಪಸ್ ಬರುತ್ತದೆ.

ಇಲ್ಲಿ ನಮ್ಮ ಊರಿನ ಟವರ್‌ಗೆ ಕೆಲಸ ಇರುವುದು ಎರಡೇ ಕಡೆ. ಒಂದು, ಮೊದಲ ಸಂದೇಶ ರೈತರ ಮೊಬೈಲ್‌ನಿಂದ ಹೊರಡುವಾಗ. ಇನ್ನೊಂದು, ಕೊನೆಯ ಸುದ್ದಿ ಮೊಬೈಲ್‌ಗೆ ಬರುವಾಗ. ಹೊರಡುವಾಗಲೇ ಸಿಗ್ನಲ್ ಹೋದರೆ ವ್ಯವಹಾರ ಶುರುವಾಗಿಯೇ ಇರುವುದಿಲ್ಲ, ರೊಕ್ಕ ಖಾತೆಯಲ್ಲೇ ಭದ್ರ. ಬರುವಾಗ ಹೋದರೆ ರೊಕ್ಕ ಅಂಗಡಿಗೆ ಮುಟ್ಟಿರುತ್ತದೆ, ರೈತರ ಪರದೆ ಮಾತ್ರ ಗಿರಗಿರ ತಿರುಗುತ್ತಾ ಇರುತ್ತದೆ. ಕಲಘಟಗಿ ಕಡೆ ಕಾಡಂಚಿನ ಹಳ್ಳಿಗಳಲ್ಲಿ ಎರಡನೇ ಸಲ ಸ್ಕ್ಯಾನ್ ಮಾಡಿ ಎರಡು ಸಲ ರೊಕ್ಕ ಕೊಟ್ಟುಬಿಡುವುದು ಇಂಥ ಹೊತ್ತಿನಲ್ಲೇ. ಪಿನ್ ಹಾಕಿದ ಮೇಲೆ ಪರದೆ ನಿಂತರೆ, ಹೊಸದಾಗಿ ಕಳಿಸುವ ಮೊದಲು ಆ್ಯಪ್‌ನ ಹಿಸ್ಟರಿ ನೋಡಬೇಕು ಅನ್ನುವುದು ಇದಕ್ಕೇ.

ಆದರೆ "ಕಟ್ ಆಗೇತಿ, ಜಮಾ ಆಗಿಲ್ಲ" ಅನ್ನುವ ಮೂರನೇ ಸ್ಥಿತಿ ಟವರ್‌ನಿಂದ ಬರುವುದಿಲ್ಲ. ಕಟ್ ಮಾಡಿಸುವ, ಜಮಾ ಮಾಡಿಸುವ ಮಾತುಕತೆಯಲ್ಲಿ ಮೊಬೈಲ್ ಇಲ್ಲವೇ ಇಲ್ಲ. ಪಿನ್ ಹಾಕಿದ ಮರುಕ್ಷಣ ರೈತರು ಮೊಬೈಲನ್ನು ಮಲಪ್ರಭಾ ಕಾಲುವೆಗೆ ಎಸೆದರೂ ಆ ವ್ಯವಹಾರ ಮುಗಿಯುವ ಕಡೆಗೆ ಮುಗಿಯುತ್ತದೆ.

ಉತ್ತರ ಬರದೇ ಹೋದರೆ

ಈಗ ಕಷ್ಟದ ಜಾಗಕ್ಕೆ ಬರೋಣ. ರೈತರ ಬ್ಯಾಂಕ್ ₹640 ಕಟ್ ಮಾಡಿತು. ಎನ್‌ಪಿಸಿಐ ಅಂಗಡಿಯವರ ಬ್ಯಾಂಕಿಗೆ "ಜಮಾ ಮಾಡು" ಅಂತ ಹೇಳಿತು. ಆ ಬ್ಯಾಂಕಿನ ಸರ್ವರ್ ಸಂಜೆಯ ಗದ್ದಲದಲ್ಲಿ ಉತ್ತರವನ್ನೇ ಕೊಡಲಿಲ್ಲ. ಕಾಯುವುದಕ್ಕೊಂದು ಮಿತಿ ಇದೆ. 2025ರ ಜೂನ್ 16ರ ತನಕ ಈ ಸಂದೇಶಗಳಿಗೆ 30 ಸೆಕೆಂಡ್ ಮಿತಿ ಇತ್ತು, ಅಲ್ಲಿಂದ ಈಚೆಗೆ 15 ಸೆಕೆಂಡ್ ಮಾಡಿದ್ದಾರೆ.

ಉತ್ತರ "ಆಗಲ್ಲ" ಅಂತ ಬಂದಿದ್ದರೆ ಸಲೀಸಿತ್ತು. ಖಾತೆ ಮುಚ್ಚಿದೆ, ತಡೆಹಿಡಿದಿದೆ, ಏನೋ ಒಂದು ಕಾರಣ. ಆಗ ಎನ್‌ಪಿಸಿಐ ರೈತರ ಬ್ಯಾಂಕಿಗೆ "ವಾಪಸ್ ಹಾಕು" ಅನ್ನುತ್ತದೆ, ಸಾಮಾನ್ಯವಾಗಿ ಅಲ್ಲೇ ನಿಂತಿರುವಾಗಲೇ ರೊಕ್ಕ ತಿರುಗಿ ಬರುತ್ತದೆ. ತೊಂದರೆ ಇರುವುದು ಮೌನದಲ್ಲಿ. ಮೌನಕ್ಕೆ ಎರಡು ಅರ್ಥ ಇರಬಹುದು. ಸಂದೇಶ ತಲುಪಲೇ ಇಲ್ಲ, ಜಮಾ ಆಗಿಲ್ಲ ಅನ್ನುವುದು ಒಂದು. ಜಮಾ ಆಗಿದೆ, ಆದರೆ "ಆಯ್ತು" ಅನ್ನುವ ಉತ್ತರ ದಾರಿಯಲ್ಲಿ ಕಳೆದುಹೋಯಿತು ಅನ್ನುವುದು ಇನ್ನೊಂದು. ಎನ್‌ಪಿಸಿಐ ಕಡೆ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್ ನೆಟ್‌ವರ್ಕ್ ಪುಸ್ತಕದಲ್ಲಿ ಇಬ್ಬರು ದಂಡನಾಯಕರ ಸಮಸ್ಯೆ ಓದಿದವರಿಗೆ ಇದು ಹಳೇ ಪರಿಚಯ. ಬೆಟ್ಟದ ಆಚೆ-ಈಚೆ ಇರುವ ಇಬ್ಬರು ನಂಬಲಾಗದ ದೂತರ ಮೂಲಕ ಒಪ್ಪಂದಕ್ಕೆ ಬರುವುದು ಸಾಧ್ಯವಿಲ್ಲ ಅನ್ನುವುದೇ ಅದು.

ಸುಮ್ಮನೆ ರೈತರಿಗೆ ವಾಪಸ್ ಹಾಕಿಬಿಡಬಹುದಲ್ಲ ಅಂತ ಕೇಳಬಹುದು. ಹಾಕಿದ ಮೇಲೆ ಜಮಾ ಆಗಿತ್ತು ಅಂತ ಗೊತ್ತಾದರೆ? ಒಂದೇ ₹640 ಎರಡು ಖಾತೆಯಲ್ಲಿ ಇರುತ್ತದೆ. ಹಾಗಾಗಿ ಯುಪಿಐ ಇಂಥ ವ್ಯವಹಾರಕ್ಕೆ "ಡೀಮ್ಡ್" ಅನ್ನುವ ಮೂರನೇ ಸ್ಥಿತಿ ಇಟ್ಟುಕೊಂಡಿದೆ. ಅಂದರೆ "ಆಗಿದೆ ಎಂದು ಭಾವಿಸಲಾಗಿದೆ". ಇದರ ಪರಿಣಾಮ ಏನು ಅಂತ ತಿಳಿಯಲು ರೊಕ್ಕ ನಿಜವಾಗಿ ಯಾವಾಗ ಹೋಗುತ್ತದೆ ಅಂತ ನೋಡಬೇಕು.

ಇಷ್ಟೊತ್ತು ನಾವು ನೋಡಿದ್ದೆಲ್ಲ ಬರೀ ಸಂದೇಶ. ರೈತರ ಬ್ಯಾಂಕ್ ತನ್ನ ಪುಸ್ತಕದಲ್ಲಿ 640 ಕಳೆಯಿತು, ಅಂಗಡಿಯ ಬ್ಯಾಂಕ್ ತನ್ನ ಪುಸ್ತಕದಲ್ಲಿ 640 ಕೂಡಿಸಿತು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಆ ಕ್ಷಣಕ್ಕೆ ಒಂದು ಪೈಸೆಯೂ ಹೋಗಿಲ್ಲ. ಹಸಿರು ಗುರುತು ಬಂದಾಗ ಅಂಗಡಿಯ ಬ್ಯಾಂಕ್ ತನ್ನ ಕೈಗೆ ಬಾರದ ರೊಕ್ಕವನ್ನು ನಂಬಿಕೆಯ ಮೇಲೆ ಜಮಾ ಮಾಡಿರುತ್ತದೆ. ದಿನಕ್ಕೆ ಹತ್ತು ಸಲ ಎನ್‌ಪಿಸಿಐ ಎಲ್ಲ ಬ್ಯಾಂಕುಗಳ ಕೊಡು-ಕೊಳ್ಳುವುದನ್ನು ಒಟ್ಟು ಹಾಕಿ, ಕಳೆದು, ಉಳಿದದ್ದನ್ನು ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ ಮೂಲಕ ತೀರಿಸುತ್ತದೆ. ಅ ಬ್ಯಾಂಕಿನವರು ಬ ಬ್ಯಾಂಕಿನವರಿಗೆ ಒಟ್ಟು ₹50 ಲಕ್ಷ ಕಳಿಸಿದ್ದು, ಬ ಕಡೆಯಿಂದ ₹46 ಲಕ್ಷ ಬಂದಿದ್ದರೆ, ತೀರುವೆ ಆಗುವುದು ₹4 ಲಕ್ಷ ಮಾತ್ರ. ಊರ ಸಂತೆಯಲ್ಲಿ ಇಬ್ಬರು ವ್ಯಾಪಾರಿಗಳು ದಿನವಿಡೀ ಒಬ್ಬರಿಗೊಬ್ಬರು ಉದ್ರಿ ಕೊಟ್ಟು ಸಂಜೆ ಲೆಕ್ಕ ಕಳೆದುಕೊಂಡ ಹಾಗೆ.

ಡೀಮ್ಡ್ ಆದ ₹640 ಕೂಡ ಈ ಲೆಕ್ಕದಲ್ಲಿ ಸೇರುತ್ತದೆ. ಅಂದರೆ ರೊಕ್ಕ ರೈತರ ಬ್ಯಾಂಕನ್ನು ಬಿಟ್ಟು ಅಂಗಡಿಯವರ ಬ್ಯಾಂಕಿಗೆ ಹೋಗಿಬಿಡುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕ್ ತನ್ನ ಪುಸ್ತಕ ತೆಗೆದು ನೋಡಬೇಕು. ಜಮಾ ಆಗಿದ್ದರೆ, ಅಥವಾ ಈಗ ಜಮಾ ಮಾಡಿದರೆ, ಎನ್‌ಪಿಸಿಐಗೆ ಟಿಸಿಸಿ ಅನ್ನುವ ಖಾತ್ರಿ ಕೊಡುತ್ತದೆ. ಜಮಾ ಮಾಡಲು ಆಗುವುದಿಲ್ಲ ಅಂದರೆ ಆರ್‌ಇಟಿ ಅಂತ ರೊಕ್ಕವನ್ನು ತಿರುಗಿ ಕಳಿಸುತ್ತದೆ.

ಇಲ್ಲೊಂದು ಮುಖ್ಯ ಮಾತು. ರೊಕ್ಕ ಕಟ್ ಆದ ರೈತರು ಮರುದಿನ ಎಲ್ಲಿಗೆ ಹೋಗುತ್ತಾರೆ? ನವಲಗುಂದದ ತಮ್ಮ ಶಾಖೆಗೆ. ಅಲ್ಲಿನ ಸಿಬ್ಬಂದಿ "ನಮ್ಮ ಕಡೆಯಿಂದ ಹೋಗೇತ್ರೀ" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ರೊಕ್ಕವೂ ಅಲ್ಲಿಲ್ಲ, ಉತ್ತರವೂ ಅಲ್ಲಿಲ್ಲ. ಎರಡೂ ಇರುವುದು ಅಂಗಡಿಯವರ ಬ್ಯಾಂಕಿನಲ್ಲಿ. ಆದರೆ ಅಂಗಡಿಯವರು ತಮ್ಮ ಬ್ಯಾಂಕಿಗೆ ಹೋಗಿ ಕೇಳುವುದಿಲ್ಲ, ಯಾಕಂದರೆ ಅವರ ಪ್ರಕಾರ ರೊಕ್ಕ ಬಂದೇ ಇಲ್ಲ! ಸರಿಯಾದ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

ಕಾಯುವವರು ಯಾರು, ಪರಿಹಾರ ಯಾರಿಗೆ?

ನಿಯಮ ಇಲ್ಲ ಅಂತಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿದೆ. ಇಬ್ಬರು ವ್ಯಕ್ತಿಗಳ ನಡುವಿನ ಯುಪಿಐ ವರ್ಗಾವಣೆಯಲ್ಲಿ ಕಟ್ ಆಗಿ ಜಮಾ ಆಗದಿದ್ದರೆ, ಹಣ ಪಡೆಯಬೇಕಿದ್ದವರ ಬ್ಯಾಂಕ್ ಮರುದಿನದೊಳಗೆ ತಿರುಗಿ ಕಳಿಸಬೇಕು. ವ್ಯಾಪಾರಿಗೆ ಮಾಡಿದ ಪಾವತಿಯಾದರೆ 5 ದಿನದ ಗಡುವು. ಗಡುವು ಮೀರಿದರೆ ದಿನಕ್ಕೆ ₹100 ಪರಿಹಾರ, ಅದೂ ಗ್ರಾಹಕರು ಕೇಳದೆಯೇ ಕೊಡಬೇಕು. ಸ್ಟಿಕ್ಕರ್‌ನ `mc` ನೆನಪಿಡಿ ಅಂದಿದ್ದೆನಲ್ಲ, ಅದಕ್ಕೇ. ಒಂದೇ ಅಂಗಡಿಯ ಒಂದೇ ₹640, ಸ್ಟಿಕ್ಕರ್ ಸ್ವಂತದ್ದಾದರೆ ಒಂದು ದಿನ, ವ್ಯಾಪಾರಿ ಸ್ಟಿಕ್ಕರ್ ಆದರೆ ಐದು ದಿನ. ಇದು ರೈತರಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ.

ಈ ನಿಯಮದ ಒಂದು ಕೊರತೆಯನ್ನೂ ನೋಡಿ. ಪರಿಹಾರ ಬರುವುದು ರೊಕ್ಕ ಕಟ್ ಆದವರಿಗೆ. ಅಣ್ಣಿಗೇರಿಯ ಅಂಗಡಿಯವರು ಮುಖ ಪರಿಚಯದ ಮೇಲೆ "ಇರ್ಲಿ ಬಿಡ್ರೀ, ಒಯ್ರಿ" ಅಂತ ಸಾಮಾನು ಕೊಟ್ಟು ಕಳಿಸಿದ್ದರೆ, ಐದು ದಿನ ಕಾಯುವವರು ಅವರು. ಕೊನೆಗೆ ರೊಕ್ಕ ರೈತರ ಖಾತೆಗೆ ವಾಪಸ್ ಹೋಯಿತು ಅನ್ನಿ. ಆ ಸುದ್ದಿ ರೈತರ ಮೊಬೈಲ್‌ಗೆ ಹೋಗುತ್ತದೆ, ಅಂಗಡಿಯವರಿಗೆ ಯಾರೂ ಹೇಳುವುದಿಲ್ಲ. ಸಾಮಾನು ಹೋಗಿದೆ, ರೊಕ್ಕ ಬಂದಿಲ್ಲ, ಅದು ಈಗ ಎಲ್ಲಿದೆ ಅಂತಲೂ ಗೊತ್ತಿಲ್ಲ. ದೊಡ್ಡ ಮಾಲ್‌ನವರಿಗೆ ಇದನ್ನೆಲ್ಲ ತಾಳೆ ಹಾಕಲು ಲೆಕ್ಕಿಗರು ಇರುತ್ತಾರೆ. ಮಿರ್ಚಿ-ಗಿರ್ಮಿಟ್ ಗಾಡಿಯವರಿಗೆ ಇರುವುದು ತಮ್ಮ ನೆನಪು ಅಷ್ಟೇ.

ಹೀಗಾಗಿಯೇ ಅವರು ಕಿವಿಯನ್ನು ನಂಬುತ್ತಾರೆ. ಕನ್ನಡದಲ್ಲಿ ಕೂಗಿ ಹೇಳುವ ಆ ಪುಟ್ಟ ಡಬ್ಬಿ, ಸೌಂಡ್ ಬಾಕ್ಸ್, ಬಂದದ್ದೇ ಈ ನಂಬಿಕೆಯ ಕೊರತೆ ತುಂಬಲು. ಅದರೊಳಗೆ ಅದರದ್ದೇ ಒಂದು ಸಿಮ್ ಇರುತ್ತದೆ. ಸ್ಟಿಕ್ಕರ್ ಕೊಟ್ಟ ಕಂಪನಿಯ ಸರ್ವರ್‌ಗೆ ಜಮಾ ಸುದ್ದಿ ಮುಟ್ಟಿದ ಮೇಲೆ, ಅಲ್ಲಿಂದ ಪ್ರತ್ಯೇಕ ಸಂದೇಶ ಆ ಡಬ್ಬಿಗೆ ಬರುತ್ತದೆ. ಗ್ರಾಹಕರು ಮೊಬೈಲ್‌ನಲ್ಲಿ ತೋರಿಸುವ ಚಿತ್ರವನ್ನು ಯಾರು ಬೇಕಾದರೂ ಸೃಷ್ಟಿಸಬಹುದು, ಹಸಿರು ಗುರುತು ತೋರಿಸುವ ನಕಲಿ ಆ್ಯಪ್‌ಗಳೂ ಇವೆ. ಡಬ್ಬಿಯ ಕೂಗು ಅಂಗಡಿಯ ಕಡೆಯಿಂದ ಬಂದದ್ದಾದ್ದರಿಂದ ಹೆಚ್ಚು ನಂಬಬಹುದು. ಆದರೆ ತಿರುಗುಮುರುಗು ನಿಜವಲ್ಲ. ಡಬ್ಬಿ ಕೂಗಲಿಲ್ಲ ಅಂದರೆ ರೊಕ್ಕ ಬಂದಿಲ್ಲ ಅಂತಲ್ಲ. ಡಬ್ಬಿಯ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಅದು ಸುಮ್ಮನಿರುತ್ತದೆ. ಇಲ್ಲಿ ಮಾತ್ರ ಟವರ್‌ಗೆ ಬೈದರೆ ನ್ಯಾಯ ಇದೆ.

ಕೇಳಬೇಕಾದದ್ದು ಏನು?

"ಇಷ್ಟೆಲ್ಲ ಒಳಗಿನ ಸಂಗತಿ ಹಳ್ಳಿಯವರಿಗೆ ಯಾಕೆ? ಸರಳವಾಗಿರಲಿ ಅಂತಲೇ ಪೆಂಡಿಂಗ್ ಅಂತ ತೋರಿಸೋದು" ಅಂತ ಒಂದು ವಾದ ಇದೆ. ಆ್ಯಪ್ ಮಾಡುವವರು ಹೆಚ್ಚಾಗಿ ಹೀಗೇ ಯೋಚಿಸುತ್ತಾರೆ. ನಾಳೆ ನಮ್ಮಲ್ಲೂ ಕೆಲವರು ಅಂಥ ಕೆಲಸಕ್ಕೇ ಹೋಗುವವರು, ಆದ್ದರಿಂದ ಇದಕ್ಕೆ ಉತ್ತರ ಹೇಳಲೇಬೇಕು.

ನಮ್ಮ ಅಜ್ಜ-ಅಜ್ಜಿಯರು ಅಂಚೆ ಕಚೇರಿಯಲ್ಲಿ ಮನಿಆರ್ಡರ್ ಮಾಡುತ್ತಿದ್ದ ಕಾಲ ನೆನಪಿಸಿಕೊಳ್ಳಿ. ಹಣ ಮುಟ್ಟಿಸಿದ ಮೇಲೆ ಪಡೆದವರ ರುಜುವೋ ಹೆಬ್ಬೆಟ್ಟೋ ಇರುವ ಚೀಟಿ ಕಳಿಸಿದವರಿಗೆ ವಾಪಸ್ ಬರುತ್ತಿತ್ತು. ಓದಲು ಬಾರದವರಿಗೂ ಅದರ ಅರ್ಥ ಆಗುತ್ತಿತ್ತು. ರೊಕ್ಕ ಕೊಟ್ಟವರಿಗೆ ಅದು ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ತಿಳಿಯುವ ಹಕ್ಕು ಹೊಸದೇನಲ್ಲ. ನಿಧಾನದ ಅಂಚೆಯಲ್ಲಿ ಇದ್ದದ್ದು ಸೆಕೆಂಡಿನ ಯುಪಿಐಯಲ್ಲಿ ಮಸುಕಾಗಬಾರದು.

ಪೆಂಡಿಂಗ್ ಅನ್ನುವುದು ಸರಳ ಮಾತಲ್ಲ, ಅರ್ಧ ಮಾತು. ಪಿನ್ ತಪ್ಪೋ, ಬಾಕಿ ಕಡಿಮೆಯೋ, ರೈತರ ಬ್ಯಾಂಕ್ ಉತ್ತರಿಸಲಿಲ್ಲವೋ, ಅಂಗಡಿಯ ಬ್ಯಾಂಕ್ ಉತ್ತರಿಸಲಿಲ್ಲವೋ ಎಂಬುದಕ್ಕೆ ಬೇರೆಬೇರೆ ಸಂಕೇತಗಳು ಈಗಾಗಲೇ ಇವೆ, ಅವು ಆ್ಯಪ್‌ನ ಹಿಂದಿರುವ ಬ್ಯಾಂಕಿಗೆ ಬರುತ್ತವೆ. ಯಾವ ಬ್ಯಾಂಕಿನಲ್ಲಿ ತಾಂತ್ರಿಕ ಕಾರಣಕ್ಕೆ ಎಷ್ಟು ಪಾವತಿ ಬಿದ್ದವು ಅಂತ ಎನ್‌ಪಿಸಿಐ ಪ್ರತಿ ತಿಂಗಳು ಪ್ರಕಟಿಸುತ್ತದೆ ಕೂಡ. ಒಟ್ಟು ಲೆಕ್ಕ ಲೋಕಕ್ಕೆಲ್ಲ ಗೊತ್ತು, ತನ್ನದೇ ₹640ರ ಲೆಕ್ಕ ರೈತರಿಗೆ ಗೊತ್ತಿಲ್ಲ ಅನ್ನುವುದು ಎಂಥ ನ್ಯಾಯ?

ಏನೂ ತಿಳಿಯದಿದ್ದಾಗ ಜನ ಏನು ಮಾಡುತ್ತಾರೆ? ಮತ್ತೆ ಮತ್ತೆ ಒತ್ತಿ ನೋಡುತ್ತಾರೆ. ಆ್ಯಪ್‌ಗಳೂ ಹಾಗೇ, "ಏನಾಯ್ತು, ಏನಾಯ್ತು" ಅಂತ ಸ್ವಿಚ್ಚನ್ನು ಕೇಳುತ್ತಲೇ ಇರುತ್ತವೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕುಂಟಿದ್ದು ನೆನಪಿರಬೇಕು. ಆ ದಿನ ಕೆಲವು ಬ್ಯಾಂಕುಗಳಿಂದ ಹಳೇ ವ್ಯವಹಾರಗಳ ಸ್ಥಿತಿ ಕೇಳುವ ಸಂದೇಶಗಳು ಮಹಾಪೂರದಂತೆ ಬಂದದ್ದೇ ಕಾರಣ ಅಂತ ಎನ್‌ಪಿಸಿಐ ಹೇಳಿತು. ಆಮೇಲೆ ಅಂಥ ಪ್ರಶ್ನೆ ಎಷ್ಟು ಸಲ, ಎಷ್ಟು ಅಂತರದಲ್ಲಿ ಕೇಳಬಹುದು ಅಂತ ಮಿತಿ ಹಾಕಲಾಯಿತು. ಪ್ರಶ್ನೆಗೆ ಮಿತಿ ಹಾಕಿದ್ದು ಸರಿ. ಉತ್ತರವನ್ನೂ ಸುಧಾರಿಸಬೇಕಲ್ಲ?

ಹಾಗಾದರೆ ಪರದೆ ಹೇಗಿರಬೇಕು? ನನ್ನ ಪ್ರಕಾರ ಇಷ್ಟು ಸಾಕು: "ನಿಮ್ಮ ಖಾತೆಯಿಂದ ₹640 ಹೋಗಿದೆ. ಅಂಗಡಿಯ ಬ್ಯಾಂಕ್ ಇನ್ನೂ ಉತ್ತರ ಕೊಟ್ಟಿಲ್ಲ. ಮತ್ತೆ ಕಳಿಸಬೇಡಿ. ಇಂಥ ತಾರೀಕಿನೊಳಗೆ ಅಂಗಡಿಗೆ ಜಮಾ ಆಗುತ್ತದೆ, ಇಲ್ಲವೇ ನಿಮಗೆ ವಾಪಸ್ ಬರುತ್ತದೆ." ಕನ್ನಡದಲ್ಲಿ ನಾಲ್ಕು ವಾಕ್ಯ. ಇದೇ ಸುದ್ದಿ ಅಂಗಡಿಯವರಿಗೂ ಹೋಗಬೇಕು: "₹640ರ ಪಾವತಿ ದಾರಿಯಲ್ಲಿದೆ, ನಿಮ್ಮ ಬ್ಯಾಂಕ್ ಉತ್ತರಿಸಬೇಕು." ಸ್ವಿಚ್ ಮೊದಲೇ ಅಂಗಡಿ ಕಡೆಯ ಬ್ಯಾಂಕನ್ನು ಕೇಳಿ ಖಾತೆಯ ವಿವರ ತಗೊಂಡಿದೆ. ಅಂದರೆ ಇಂಥದೊಂದು ಪಾವತಿ ಹೊರಟಿದೆ ಅಂತ ಆ ಕಡೆಗೆ ಆಗಲೇ ಗೊತ್ತು. ಡಬ್ಬಿಗೆ ಬಂದ ರೊಕ್ಕವನ್ನು ಕೂಗಲು ಬರುತ್ತದೆ ಅಂದರೆ, ನಿಂತ ರೊಕ್ಕವನ್ನು ಹೇಳಲೂ ಬರಬೇಕು. ಇಬ್ಬರ ಕಿವಿಗೂ ಒಂದೇ ಮಾತು ಬಿದ್ದರೆ ಗಲ್ಲಾಪೆಟ್ಟಿಗೆ ಮುಂದೆ ಜಗಳ ಹುಟ್ಟುವುದಿಲ್ಲ. ರೊಕ್ಕ ತಿರುಗಿ ಹೋದಾಗಲೂ ಅಂಗಡಿಯವರಿಗೆ ತಿಳಿಸುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಬೇಕು.

ಇದೆಲ್ಲ ಆಗುವ ತನಕ ಕೈಯಲ್ಲಿರುವ ದಾರಿ ಒಂದಿದೆ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ನಂಬರ್ ಇರುತ್ತದೆ, ಆ್ಯಪ್‌ನ ಹಿಸ್ಟರಿಯಲ್ಲಿ ಕಾಣುತ್ತದೆ. ಯುಟಿಆರ್, ಆರ್‌ಆರ್‌ಎನ್, ಯುಪಿಐ ಉಲ್ಲೇಖ ಸಂಖ್ಯೆ ಅಂತ ಬೇರೆಬೇರೆ ಹೆಸರು. ಎಲ್ಲ ಬ್ಯಾಂಕುಗಳೂ ಈ ವ್ಯವಹಾರವನ್ನು ಹುಡುಕುವುದು ಅದೇ ನಂಬರಿನಿಂದ. ರೊಕ್ಕ ನಿಂತಾಗ ಅಂಗಡಿಯ ಉದ್ರಿ ವಹಿಯಲ್ಲಿ ಹೆಸರಿನ ಮುಂದೆ ಆ 12 ಅಂಕಿ ಬರೆಸಿ. ಗ್ರಾಹಕರು ಆ್ಯಪ್‌ನಲ್ಲಿ ಆ ಪಾವತಿಯ ಮೇಲೆಯೇ ದೂರು ಕೊಡಲಿ. ಅಂಗಡಿಯವರು ಅದೇ ನಂಬರ್ ಹಿಡಿದು ತಮ್ಮ ಬ್ಯಾಂಕಿಗೆ, ಅಥವಾ ಸ್ಟಿಕ್ಕರ್ ಕೊಟ್ಟ ಕಂಪನಿಗೆ ಹೋಗಲಿ. ಕಂಪನಿಯ ಸ್ಟಿಕ್ಕರ್ ಆದರೆ ರೊಕ್ಕ ಎಷ್ಟೋ ಸಲ ಮೊದಲು ಕಂಪನಿಯ ಎಸ್ಕ್ರೋ ಖಾತೆಗೆ ಬಂದು, ಆಮೇಲೆ ಒಟ್ಟಾಗಿ ಅಂಗಡಿಯ ಖಾತೆಗೆ ಬೀಳುತ್ತದೆ. ಡಬ್ಬಿ ಕೂಗಿದರೂ ಪಾಸ್‌ಬುಕ್‌ನಲ್ಲಿ ಇಲ್ಲ ಅಂದರೆ ಗಾಬರಿಯಾಗದೆ ಆ ಲೆಕ್ಕವನ್ನೂ ಕೇಳಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ನಮ್ಮ ಪ್ರಾಜೆಕ್ಟ್‌ಗಳಲ್ಲಿ ಪಾವತಿಯ ಪುಟ ಇಲ್ಲದ ಆ್ಯಪ್ ಕಡಿಮೆ. ಅದರಲ್ಲಿ ನಾವೆಲ್ಲ ಬರೆಯುವುದು ಎರಡೇ ಕವಲು: ಸಕ್ಸೆಸ್, ಫೇಲ್. ಮೂರನೇ ಕವಲು ಬಂದಾಗ ಏನು ತೋರಿಸುತ್ತೀರಿ ಅಂತ ವೈವಾದಲ್ಲಿ ಯಾರೂ ಕೇಳುವುದಿಲ್ಲ. ಅಣ್ಣಿಗೇರಿಯ ಅಂಗಡಿಯವರು ಐದು ದಿನ ಕಾಯುವುದು ಆ ಕವಲಿನಲ್ಲೇ. ಅಲ್ಲಿ "ಪೆಂಡಿಂಗ್" ಅಂತ ಒಂದು ಪದ ಬರೆದು ಮುಂದೆ ಹೋಗುವ ಬದಲು, ರೊಕ್ಕ ಯಾರ ಹತ್ತಿರ ಇದೆ, ಯಾವ ತಾರೀಕಿನೊಳಗೆ ತೀರ್ಮಾನ ಆಗುತ್ತದೆ ಅನ್ನುವ ಎರಡು ಸಂಗತಿಯನ್ನಾದರೂ ಕನ್ನಡದಲ್ಲಿ ಬರೆಯಿರಿ. ಅಷ್ಟನ್ನು ತೋರಿಸದ ಆ್ಯಪನ್ನು ನಾನಂತೂ ಪೂರ್ತಿ ಆಯ್ತು ಅಂತ ಒಪ್ಪುವುದಿಲ್ಲ.